‘ಕೊಳ್ಳು’, ‘ಲಾಯಿತು’, ‘ಅಲ್ಪಡು’: ಕರ್ತೃ ಮರೆಯಾಗುವ ವಾಕ್ಯಗಳ ಬೋಧನೆ

ಕರ್ತರಿ ಮತ್ತು ಕರ್ಮಣಿ ಪ್ರಯೋಗದ ಪಾಠಯೋಜನೆಗಳಲ್ಲಿ ಸಾಮಾನ್ಯವಾಗಿ ಮೂರು ಹೆಜ್ಜೆಗಳಿರುತ್ತವೆ. ಕರ್ತೃವಿಗೆ ‘ಇಂದ’ ಸೇರಿಸುವುದು, ಕರ್ಮದ ‘ಅನ್ನು’ ತೆಗೆಯುವುದು, ಕ್ರಿಯಾಪದಕ್ಕೆ ‘ಅಲ್ಪಡು’ ಹಚ್ಚುವುದು. ‘ಗ್ರಾಮಸ್ಥರು ಕೆರೆಯ ಹೂಳನ್ನು ತೆಗೆದರು’ ಎಂಬುದು ‘ಗ್ರಾಮಸ್ಥರಿಂದ ಕೆರೆಯ ಹೂಳು ತೆಗೆಯಲ್ಪಟ್ಟಿತು’ ಎಂದಾಗುತ್ತದೆ. ನಿಯಮ ಸರಿಯಾಗಿದೆ, ಪರೀಕ್ಷೆಯಲ್ಲಿ ಅಂಕವೂ ಬರುತ್ತದೆ. ಆದರೆ ಇಂಥ ವಾಕ್ಯವನ್ನು ಧರ್ಮಪುರದ ಕೆರೆ ಏರಿಯ ಮೇಲೆ ನಿಂತ ಯಾರ ಬಾಯಲ್ಲೂ ನಾನು ಕೇಳಿಲ್ಲ. ಹಾಗಾದರೆ ಮಾಡಿದವರನ್ನು ಹೇಳದೆ ಆದದ್ದನ್ನು ಮಾತ್ರ ಹೇಳಬೇಕಾದಾಗ ಕನ್ನಡಿಗರು ಏನು ಮಾಡುತ್ತಾರೆ? ಪ್ರಶಿಕ್ಷಣಾರ್ಥಿಗಳು ತರಗತಿಗೆ ಹೋಗುವ ಮೊದಲು ಇದನ್ನು ತಿಳಿದಿರಬೇಕು. ಇಲ್ಲವಾದರೆ ಮಗು ಸಹಜವಾಗಿ ಹೇಳಿದ ಉತ್ತರಕ್ಕೆ ತಪ್ಪು ಗುರುತು ಬೀಳುತ್ತದೆ.

ಆಡುಮಾತಿನಲ್ಲಿ ಮೊದಲ ದಾರಿ ಕರ್ತೃಪದವನ್ನೇ ಬಿಡುವುದು: ‘ಕೆರೆ ಹೂಳು ತೆಗ್ಸಿದಾರೆ.’ ಯಾರು ಎಂಬುದು ಕೇಳುವವರಿಗೆ ಗೊತ್ತು, ಅಥವಾ ಬೇಕಿಲ್ಲ. ಎರಡನೆಯದು ಅಕರ್ಮಕ ಕ್ರಿಯಾಪದ: ‘ಕೆರೆ ತುಂಬಿತು’, ‘ತೂಬು ದುರಸ್ತಿಯಾಯಿತು.’ 2022ರಲ್ಲಿ ವಾಣಿವಿಲಾಸ ಸಾಗರದ ಕೋಡಿಯಲ್ಲಿ 1933ರ ನಂತರ ಮೊದಲ ಬಾರಿಗೆ ನೀರು ಹರಿದಾಗ ಹಿರಿಯೂರು ಸೀಮೆಯವರು ‘ಕೋಡಿ ಬಿತ್ತು’ ಎಂದರು. ಮೂರನೆಯದು ಪದಕ್ರಮದ ಬದಲಾವಣೆ: ‘ಆ ಅಣೆಕಟ್ಟು ಕಟ್ಟಿ ಮುಗಿಸಿದ್ದು 1907ರಲ್ಲಿ.’ ಈ ಮೂರರಲ್ಲೂ ‘ಪಡು’ ಇಲ್ಲ, ಆದರೂ ಗಮನ ಕರ್ತೃವಿನಿಂದ ಸರಿದಿದೆ.

ಬರಹದಲ್ಲಿ, ಅದರಲ್ಲೂ ವರದಿ ಮತ್ತು ಸುತ್ತೋಲೆಗಳಲ್ಲಿ, ನಿಜವಾಗಿ ಓಡಾಡುವ ರೂಪ ‘ಲಾಯಿತು’, ‘ಲಾಗಿದೆ’. ಇದನ್ನೂ ‘ಅಲ್ಪಡು’ವನ್ನೂ ಒಂದೇ ಎಂದು ಕಲಿಸುವುದರಿಂದ ಗೊಂದಲ ಹುಟ್ಟುತ್ತದೆ. ಈ ಎರಡು ವಾಕ್ಯಗಳನ್ನು ಕರಿಹಲಗೆಯ ಮೇಲೆ ಒಂದರ ಕೆಳಗೊಂದು ಬರೆಯಿರಿ:

ವಿದ್ಯಾರ್ಥಿಗಳು ಸಭೆಗೆ ಕರೆಯಲ್ಪಟ್ಟರು.
ವಿದ್ಯಾರ್ಥಿಗಳನ್ನು ಸಭೆಗೆ ಕರೆಯಲಾಯಿತು.

ಮೊದಲನೆಯದರಲ್ಲಿ ಕರ್ಮವು ಪ್ರಥಮಾ ವಿಭಕ್ತಿಗೆ ಬಂದಿದೆ, ಕ್ರಿಯಾಪದ ಅದರ ಲಿಂಗ ವಚನಗಳನ್ನು ಅನುಸರಿಸಿದೆ. ಎರಡನೆಯದರಲ್ಲಿ ‘ಅನ್ನು’ ಹಾಗೇ ಉಳಿದಿದೆ. ಕರೆದದ್ದು ಒಬ್ಬರನ್ನಾಗಲಿ ನೂರು ಜನರನ್ನಾಗಲಿ ಕ್ರಿಯಾಪದ ‘ಲಾಯಿತು’ ಎಂದೇ ನಿಲ್ಲುತ್ತದೆ. ಇಲ್ಲಿ ‘ಮುಖ್ಯೋಪಾಧ್ಯಾಯರಿಂದ’ ಎಂದು ಸೇರಿಸಿ ಓದಿದರೆ ಕಿವಿಗೆ ತೊಡಕಾಗುತ್ತದೆ, ಏಕೆಂದರೆ ಕರ್ತೃವನ್ನು ಹೇಳದಿರಲೆಂದೇ ಈ ರೂಪವಿದೆ. ಎರಡೂ ಬೆರೆತಾಗ ‘ಹೂಳನ್ನು ತೆಗೆಯಲ್ಪಟ್ಟಿತು’ ಎಂಬ ವಾಕ್ಯ ಹುಟ್ಟುತ್ತದೆ. ಇಂಥದ್ದು ಉತ್ತರಪತ್ರಿಕೆಯಲ್ಲಿ ಕಂಡರೆ ಮಗು ‘ಲಾಯಿತು’ ರೂಪದ ಕಡೆಗೆ ಹೋಗುತ್ತಿತ್ತು, ಪಾಠದ ನಿಯಮ ಅದನ್ನು ‘ಪಡು’ವಿನ ಕಡೆಗೆ ಎಳೆದಿದೆ ಎಂದು ಊಹಿಸಬಹುದು.

ಕರ್ಮಣಿಯ ಪಾಠದಲ್ಲಿ ಜಾಗವೇ ಸಿಗದ ಇನ್ನೊಂದು ರೂಪ ‘ಕೊಳ್ಳು’. ಈ ಭಾಗದ ಮಕ್ಕಳು ‘ಮಾಡ್ಕಂಡ’, ‘ಹಾಕ್ಕಂಡ’ ಎಂದು ದಿನವಿಡೀ ಬಳಸುತ್ತಾರೆ. ‘ಅಮ್ಮ ತಲೆ ಬಾಚಿದಳು’ ಎಂದರೆ ಮಗಳ ತಲೆ, ‘ಅಮ್ಮ ತಲೆ ಬಾಚಿಕೊಂಡಳು’ ಎಂದರೆ ತನ್ನದೇ ತಲೆ. ‘ತನ್ನ’ ಎಂಬ ಪದ ಬೇಕಾಗಿಯೇ ಇಲ್ಲ. ಆ ಪದವಿದ್ದರೂ ‘ಕೊಳ್ಳು’ ಬಿಡುವುದು ಕಷ್ಟ: ‘ಅವನು ತನ್ನನ್ನು ತಾನು ಹೊಗಳಿದ’ ಎಂಬುದು ಅರ್ಧಕ್ಕೆ ನಿಂತಂತಿದೆ, ‘ಹೊಗಳಿಕೊಂಡ’ ಎಂದಾಗ ಪೂರ್ಣವಾಗುತ್ತದೆ.

ಈ ‘ಕೊಳ್ಳು’ ಕರ್ಮಣಿಯ ಕೆಲಸವನ್ನೂ ಮಾಡುತ್ತದೆ. ‘ಗಾಳಿಗೆ ಬಾಗಿಲು ಹಾಕಿಕೊಂಡಿತು’ ಎಂಬಲ್ಲಿ ಬಾಗಿಲು ಹಾಕಿದವರು ಯಾರೂ ಇಲ್ಲ. ಇದನ್ನು ‘ಬಾಗಿಲು ಹಾಕಲ್ಪಟ್ಟಿತು’ ಎಂದರೆ ಯಾರೋ ಹಾಕಿದರೆಂಬ ಅರ್ಥ ಬಂದು ವಾಕ್ಯವೇ ಬೇರೆಯಾಗುತ್ತದೆ. ‘ಕೈ ಸುಟ್ಟಿತು’, ‘ಕೈ ಸುಟ್ಟುಕೊಂಡಳು’ ಎಂಬವುಗಳ ನಡುವೆಯೂ ಇಂಥ ವ್ಯತ್ಯಾಸವಿದೆ. ಮೊದಲನೆಯದು ಆದ ಘಟನೆ ಮಾತ್ರ, ಎರಡನೆಯದರಲ್ಲಿ ಅವಳದೇ ಅಜಾಗ್ರತೆಯ ಸುಳಿವಿದೆ.

ಒಂದು ಎಚ್ಚರಿಕೆ: ‘ಹಾಡಿಕೊಂಡು ಬಂದ’ ಎಂಬಲ್ಲಿನ ‘ಕೊಂಡು’ ಎರಡು ಕೆಲಸ ಜೊತೆಯಾಗಿ ನಡೆದುದನ್ನು ಹೇಳುತ್ತದೆ, ‘ತನಗೆ’ ಎಂಬ ಅರ್ಥ ಅಲ್ಲಿಲ್ಲ. ಹೀಗೆ ಪರೀಕ್ಷಿಸಿ ನೋಡಿ: ‘ಕೊಂಡು’ ತೆಗೆದು ‘ಹಾಡುತ್ತಾ’ ಎಂದು ಹಾಕಿದರೆ ಅರ್ಥ ಉಳಿಯುತ್ತದೆ. ‘ಬಾಚಿಕೊಂಡು ಬಂದಳು’ ಎಂಬಲ್ಲಿ ‘ಬಾಚುತ್ತಾ’ ಎಂದು ಹಾಕಿದರೆ ಅರ್ಥವೇ ಬದಲಾಗುತ್ತದೆ.

ಪಠ್ಯದ ಮೂರು ಹೆಜ್ಜೆಗಳನ್ನು ಕೈಬಿಡಿ ಎಂದು ನಾನು ಹೇಳುತ್ತಿಲ್ಲ, ಪರೀಕ್ಷೆಗೆ ಅವು ಬೇಕು. ಆದರೆ ಅಭ್ಯಾಸ ಬೋಧನೆಯಲ್ಲಿ ‘ಕರ್ಮಣಿಗೆ ಪರಿವರ್ತಿಸಿ’ ಎಂಬುದರ ಜೊತೆಗೆ ಇನ್ನೊಂದು ಪ್ರಶ್ನೆ ಇರಲಿ: ‘ಹೂಳು ತೆಗೆದ ಸಂಗತಿಯನ್ನು ಮನೆಯಲ್ಲಿ ಅಜ್ಜಿಗೆ ಹೇಗೆ ಹೇಳುತ್ತೀರಿ? ಪಂಚಾಯಿತಿಯ ವರದಿಯಲ್ಲಿ ಹೇಗೆ ಬರೆಯುತ್ತೀರಿ?’ ಮೊದಲನೆಯದಕ್ಕೆ ‘ತೆಗ್ಸಿದಾರೆ’, ಎರಡನೆಯದಕ್ಕೆ ‘ತೆಗೆಯಲಾಗಿದೆ’ ಎಂದು ಬಂದರೆ ಎರಡಕ್ಕೂ ಸರಿ ಗುರುತು ಹಾಕಿ, ಪಠ್ಯದ ‘ತೆಗೆಯಲ್ಪಟ್ಟಿತು’ ರೂಪವನ್ನು ಅವುಗಳ ಪಕ್ಕದಲ್ಲೇ ಬರೆಸಿ.