ಲೋಟದ ಗ್ರೀನ್ ಟೀ ಬೇರೆ, ಗುಳಿಗೆಯ ಗ್ರೀನ್ ಟೀ ಬೇರೆ

ಲೆಕ್ಕ ಬರೆಯುವುದು ನಮ್ಮ ಕಸುಬು, ವೈದ್ಯ ನಮ್ಮದಲ್ಲ. ಆದರೆ ಶಾರ್ಜಾದಲ್ಲಿ ನಮ್ಮ ಪಕ್ಕದ ರೂಮಿನ ಡ್ರೈವರಣ್ಣನಿಗೆ ಆದದ್ದನ್ನು ಕಣ್ಣಾರೆ ನೋಡಿದ ಮೇಲೆ ಈ ಒಂದು ಲೆಕ್ಕವನ್ನು ಎಲ್ಲರ ಮುಂದೆ ಇಡಬೇಕು ಅನ್ನಿಸಿತು.

ಊರಿಗೆ ಹೋಗುವ ಮೊದಲು ಹೊಟ್ಟೆ ಕರಗಿಸಬೇಕು ಅಂತ ಅವರು ಗ್ರೀನ್ ಟೀ ಸಾರದ ಕ್ಯಾಪ್ಸೂಲ್ ತರಿಸಿದ್ದರು. ಬೆಳಿಗ್ಗೆ ಡ್ಯೂಟಿಗೆ ಹೊರಡುವಾಗ ಖಾಲಿ ಹೊಟ್ಟೆಗೆ ಎರಡು, ಸಂಜೆ ಎರಡು. ಏಳನೇ ವಾರಕ್ಕೆ ಊಟ ಸೇರಲಿಲ್ಲ, ವಾಕರಿಕೆ, ವಿಪರೀತ ಸುಸ್ತು. ಬಿಸಿಲಿನ ಆಯಾಸ ಅಂದುಕೊಂಡೆವು. ಆಮೇಲೆ ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿತು, ಕಣ್ಣು ಹಳದಿಯಾಯಿತು. ರಕ್ತ ಪರೀಕ್ಷೆಯಲ್ಲಿ ಎಸ್‌ಜಿಪಿಟಿ 900 ದಾಟಿತ್ತು. ಅದು ಸಾಮಾನ್ಯವಾಗಿ 40ರ ಆಸುಪಾಸಿನಲ್ಲಿ ಇರಬೇಕಾದದ್ದು. ಲಿವರಿನ ಕೋಶಗಳು ಒಡೆದಾಗ ಈ ಅಂಶ ರಕ್ತಕ್ಕೆ ಸೋರುತ್ತದೆ. ಡಾಕ್ಟರು ಹೆಪಟೈಟಿಸ್ ಪರೀಕ್ಷೆಗಳನ್ನೆಲ್ಲ ಮಾಡಿಸಿದರು, ಯಾವುದೂ ಇಲ್ಲ. "ಬೇರೆ ಏನಾದರೂ ತಗೊಳ್ತೀರಾ?" ಅಂತ ಎರಡು ಸಲ ಕೇಳಿದರೂ ಅಣ್ಣ ಇಲ್ಲ ಅಂದರು. ಚಹಾದ ಗುಳಿಗೆ ಔಷಧಿಯೇ ಅಲ್ಲ ಅನ್ನುವುದು ಅವರ ನಂಬಿಕೆ. ಬಾಟಲಿಯನ್ನು ನಾವೇ ಒಯ್ದು ತೋರಿಸಿದೆವು.

ಆ ಬಾಟಲಿಯ ಚೀಟಿಯಲ್ಲೇ ಲೆಕ್ಕ ಇತ್ತು. ಒಂದು ಕ್ಯಾಪ್ಸೂಲಿನಲ್ಲಿ ಸಾರ 500 ಮಿಲಿಗ್ರಾಂ, ಅದರಲ್ಲಿ ಇಜಿಸಿಜಿ ಶೇಕಡಾ 50. ಇಜಿಸಿಜಿ ಅಂದರೆ ಹಸಿರು ಚಹಾ ಎಲೆಯ ಮುಖ್ಯ ಕ್ಯಾಟೆಚಿನ್, ಲಿವರಿಗೆ ಪೆಟ್ಟು ಕೊಡುತ್ತದೆ ಅಂತ ಶಂಕಿಸಿರುವುದು ಅದನ್ನೇ. ಕ್ಯಾಪ್ಸೂಲಿಗೆ 250, ದಿನಕ್ಕೆ ನಾಲ್ಕು, ಒಟ್ಟು 1000 ಮಿಲಿಗ್ರಾಂ. ಒಂದು ಲೋಟ ಗ್ರೀನ್ ಟೀಯಲ್ಲಿ ಇರುವುದು ಸುಮಾರು 50ರಿಂದ 100 ಮಿಲಿಗ್ರಾಂ. ಅಂದರೆ ಅಣ್ಣ ದಿನಾ ಹತ್ತರಿಂದ ಇಪ್ಪತ್ತು ಲೋಟದಷ್ಟನ್ನು ನಾಲ್ಕು ಗುಳಿಗೆಯಲ್ಲಿ ನುಂಗುತ್ತಿದ್ದರು.

ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಇದನ್ನು ಪರಿಶೀಲಿಸಿತು. ಬಿಸಿನೀರಲ್ಲಿ ಅದ್ದಿ ಕುಡಿಯುವ ಗ್ರೀನ್ ಟೀ ಸಾಮಾನ್ಯವಾಗಿ ಸುರಕ್ಷಿತ, ಪೂರಕವಾಗಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ ತಗೊಂಡರೆ ಲಿವರಿನ ಅಂಶಗಳು ಏರುವುದು ಕಂಡಿದೆ ಅಂದಿತು. ಅಮೆರಿಕದ ಮಿನ್ನೆಸೋಟ ಅಧ್ಯಯನದಲ್ಲಿ ಸಾವಿರಕ್ಕೂ ಹೆಚ್ಚು ಮಹಿಳೆಯರಲ್ಲಿ ಅರ್ಧ ಜನರಿಗೆ ದಿನಕ್ಕೆ 843 ಮಿಲಿಗ್ರಾಂ ಇಜಿಸಿಜಿ ಇರುವ ಸಾರ, ಉಳಿದವರಿಗೆ ಹುಸಿ ಗುಳಿಗೆ, ಒಂದು ವರ್ಷ ಕೊಟ್ಟರು. ಸಾರ ತಗೊಂಡ ನೂರರಲ್ಲಿ ಸುಮಾರು ಐದು ಜನರಿಗೆ ಲಿವರ್ ಪರೀಕ್ಷೆ ಗಮನಾರ್ಹವಾಗಿ ಕೆಟ್ಟಿತು. ಹುಸಿ ಗುಳಿಗೆಯವರಲ್ಲಿ ನೂರಕ್ಕೆ ಒಬ್ಬರೂ ಇಲ್ಲ.

ಹಾಗಾದರೆ 800ಕ್ಕಿಂತ ಕಡಿಮೆ ಆದರೆ ನಿಶ್ಚಿಂತೆಯೇ? ಅಲ್ಲ. ಅದಕ್ಕಿಂತ ಕಡಿಮೆ ತಗೊಂಡು ಲಿವರ್ ಕೆಟ್ಟವರೂ ಇದ್ದಾರೆ. ಕೆಲವರ ದೇಹದ ಅನುವಂಶಿಕ ಗುಣವೇ ಹಾಗೆ, ಮೊದಲೇ ಹೊರಗಿನಿಂದ ನೋಡಿ ಹೇಳಲಾಗದು. ಇನ್ನೊಂದು, ಖಾಲಿ ಹೊಟ್ಟೆ. ಊಟದ ಜೊತೆ ತಗೊಂಡದ್ದಕ್ಕಿಂತ ಖಾಲಿ ಹೊಟ್ಟೆಯಲ್ಲಿ ಇಜಿಸಿಜಿ ಹಲವು ಪಟ್ಟು ಹೆಚ್ಚು ರಕ್ತಕ್ಕೆ ಸೇರುತ್ತದೆ. ತೂಕ ಇಳಿಸಲು ಊಟ ಬಿಟ್ಟು ಗುಳಿಗೆ ನುಂಗುವವರು, ಉಪವಾಸದ ದಿನಗಳಲ್ಲಿ ತಗೊಳ್ಳುವವರು ಇದನ್ನು ನೆನಪಿಡಬೇಕು.

ಚೀಟಿ ಓದುವಾಗ ನಾವು ಕಂಡ ಮೋಸದ ಜಾಗಗಳು ಎರಡು. ಮುಂದೆ ದೊಡ್ಡದಾಗಿ ಬರೆದ ಅಂಕಿ ಒಂದು ಕ್ಯಾಪ್ಸೂಲಿನದೋ ಎರಡರದೋ ಅಂತ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಇನ್ನು "ಫ್ಯಾಟ್ ಬರ್ನರ್" ಡಬ್ಬಗಳಲ್ಲಿ ಹತ್ತು ಪದಾರ್ಥ ಸೇರಿಸಿ ಒಟ್ಟು ತೂಕ ಮಾತ್ರ ಬರೆದಿರುತ್ತಾರೆ, ಇಜಿಸಿಜಿ ಎಷ್ಟು ಅನ್ನುವುದೇ ಇಲ್ಲ. ಲೆಕ್ಕ ಹಾಕಲಾಗದ ಡಬ್ಬಕ್ಕೆ ನಾವಂತೂ ದಿರ್ಹಮ್ ಕೊಡುವುದಿಲ್ಲ.

ಈಗಾಗಲೇ ತಗೊಳ್ಳುತ್ತಿದ್ದು ಸುಸ್ತು, ವಾಕರಿಕೆ, ಬಲ ಪಕ್ಕೆಯ ಕೆಳಗೆ ನೋವು, ಮೈ ತುರಿಕೆ, ಕಡು ಮೂತ್ರ ಕಂಡರೆ ಅವತ್ತೇ ನಿಲ್ಲಿಸಿ, ಬಾಟಲಿ ಸಮೇತ ಕ್ಲಿನಿಕ್ಕಿಗೆ ಹೋಗಿ. ಮೈಕೈ ನೋವಿಗೆ ಅಂತ ಪ್ಯಾರಸಿಟಮಾಲ್ ನುಂಗಿ ಕಾಯಬೇಡಿ, ಅದೂ ಲಿವರಿಗೇ ಭಾರ. ತೊಂದರೆ ಹೆಚ್ಚಾಗಿ ಶುರುವಾಗುವುದು ಮೊದಲ ಮೂರು ತಿಂಗಳೊಳಗೆ. ನಿಲ್ಲಿಸಿದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ, ಆದರೆ ಲಿವರ್ ಕಸಿಯವರೆಗೆ ಹೋದವರೂ, ತೀರಿಕೊಂಡವರೂ ಇದ್ದಾರೆ. ಒಮ್ಮೆ ಹೀಗಾದವರು ಮತ್ತೆ ಶುರು ಮಾಡಿದರೆ ಲಿವರ್ ಮತ್ತೆ ಕೆಡಬಹುದು.

ನಮ್ಮ ಡ್ರೈವರಣ್ಣನಿಗೆ ಸರಿಹೋಗಲು ಎರಡೂವರೆ ತಿಂಗಳು ಹಿಡಿಯಿತು. ಊರಿನ ಟಿಕೆಟ್ ಕ್ಯಾನ್ಸಲ್ ಆಯಿತು, ಅಷ್ಟು ದಿನದ ಓವರ್‌ಟೈಮೂ ಹೋಯಿತು. ಈಗ ಸಂಜೆ ನಮ್ಮ ಜೊತೆ ಹಾಲು ಹಾಕಿದ ಚಹಾವನ್ನೇ ಕುಡಿಯುತ್ತಾರೆ. ಆ ಕಪ್ಪು ಚಹಾಪುಡಿ ತಯಾರಾಗುವಾಗಲೇ ಇಜಿಸಿಜಿ ಬಹುಪಾಲು ಬೇರೆ ರೂಪಕ್ಕೆ ಬದಲಾಗಿರುತ್ತದೆ ಅಂತ ನಾವು ಹೇಳಿದ ಮೇಲೇ ಅವರು ಲೋಟ ಮುಟ್ಟಿದ್ದು.