ಕಾಸ್ಟಿಕ್ ಚೀಲದ ಜೊತೆ ಬರುವ ಕಾಗದ

ಬಟ್ಟೆಗೆ ಬಣ್ಣ ಹಾಕುವ ಘಟಕಗಳಿಗೂ ಸಾಬೂನು ತಯಾರಿಸುವ ಕಡೆಗೂ ಕಾಸ್ಟಿಕ್ ಸೋಡಾ ಬಿಳಿ ಚಕ್ಕೆಗಳ ರೂಪದಲ್ಲಿ ಚೀಲ ತುಂಬಿ ಬರುತ್ತದೆ. ಅದರ ಜೊತೆಗೆ ಬರಬೇಕಾದ ಇನ್ನೊಂದು ವಸ್ತು ಸುರಕ್ಷತಾ ಮಾಹಿತಿ ಪತ್ರ. ಕಾರ್ಖಾನೆಯವರ ಬಾಯಲ್ಲಿ ಅದು ಎಂಎಸ್‌ಡಿಎಸ್. ಅದರಲ್ಲಿ ಹದಿನಾರು ಭಾಗಗಳಿರುತ್ತವೆ, ಭಾಷೆ ಸಾಮಾನ್ಯವಾಗಿ ಇಂಗ್ಲಿಷ್. ಬಹಳ ಕಡೆ ಅದು ನೇರ ಆಫೀಸಿನ ಫೈಲು ಸೇರುತ್ತದೆ. ನಾಳೆ ಬೆಳಿಗ್ಗೆ ಚೀಲದ ಬಾಯಿ ಬಿಚ್ಚುವ ಹೊಸ ಕೆಲಸಗಾರನಿಗೆ ಅದು ಇದೆ ಎಂಬುದೂ ತಿಳಿದಿರುವುದಿಲ್ಲ.

ಭೋಪಾಲ್ ದುರಂತವಾದ ಮೇಲೆ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ಅಪಾಯಕಾರಿ ಕೆಲಸವಿರುವ ಕಡೆ ಅಪಾಯವನ್ನೂ ಅದರಿಂದ ಪಾರಾಗುವ ಕ್ರಮವನ್ನೂ ಕೆಲಸಗಾರರಿಗೆ ತಿಳಿಸುವುದು ಕಡ್ಡಾಯವೆಂದು ಸೇರಿಸಲಾಯಿತು. ಆದರೆ ಹದಿನಾರು ಭಾಗಗಳನ್ನು ಕೈಗಿತ್ತರೆ ತಿಳಿಸಿದಂತಾಗುವುದಿಲ್ಲ. ಯಾರಾದರೂ ಅದನ್ನು ಒಂದು ಪುಟಕ್ಕೆ ಇಳಿಸಬೇಕು.

ಇಳಿಸುವವರು ಮೊದಲು ಭಾಗಗಳನ್ನು ಆರಿಸಿಕೊಳ್ಳುತ್ತಾರೆ. ಅಪಾಯ ಎರಡನೆಯ ಭಾಗದಲ್ಲಿದೆ, ಪ್ರಥಮ ಚಿಕಿತ್ಸೆ ನಾಲ್ಕರಲ್ಲಿ, ಚೆಲ್ಲಿದಾಗ ಮಾಡಬೇಕಾದ್ದು ಆರರಲ್ಲಿ, ಬಳಕೆ ಮತ್ತು ದಾಸ್ತಾನು ಏಳರಲ್ಲಿ, ಕೈಗವಸು ಕನ್ನಡಕಗಳ ವಿವರ ಎಂಟರಲ್ಲಿ, ಯಾವುದರ ಜೊತೆ ಸೇರಬಾರದು ಎಂಬುದು ಹತ್ತರಲ್ಲಿ. ಸಾಗಣೆ, ಕಾನೂನುಗಳಂಥ ಉಳಿದ ಭಾಗಗಳು ಆಫೀಸಿನವರಿಗೆ ಬೇಕಾದವು. ಆಯ್ದದ್ದನ್ನು ಪತ್ರದ ಕ್ರಮದಲ್ಲಿ ಬರೆಯದೆ ಕೆಲಸದ ಕ್ರಮದಲ್ಲಿ ಬರೆಯಬೇಕು: ತೊಡುವುದು, ಕಲಸುವುದು, ಚೆಲ್ಲಿದರೆ, ಮೈಗೆ ತಾಗಿದರೆ.

ಅಪಾಯದ ಭಾಗದಲ್ಲಿ ‘ಚರ್ಮಕ್ಕೆ ತೀವ್ರ ಸುಟ್ಟಗಾಯ, ಕಣ್ಣಿಗೆ ಹಾನಿ’ ಎಂದಿರುತ್ತದೆ. ಹೊಸಬರಿಗೆ ಇಷ್ಟು ಸಾಲದು. ಆಸಿಡ್ ತಾಗಿದರೆ ಸಾಮಾನ್ಯವಾಗಿ ಕೂಡಲೇ ಉರಿಯುತ್ತದೆ, ಕಾಸ್ಟಿಕ್ ಹಲವೊಮ್ಮೆ ಮೊದಲು ಜಾರಿದಂತೆ, ಸೋಪು ಹತ್ತಿದಂತೆ ಮಾತ್ರ ಅನಿಸುತ್ತದೆ. ಅದು ಚರ್ಮದ ಕೊಬ್ಬನ್ನೇ ಸಾಬೂನಾಗಿಸುತ್ತಿರುತ್ತದೆ. ಉರಿ ಗೊತ್ತಾಗುವಷ್ಟರಲ್ಲಿ ಆಳಕ್ಕೆ ಇಳಿದಿರುತ್ತದೆ. ಆದ್ದರಿಂದ ‘ಕೈ ಜಾರಿದಂತೆ ಅನಿಸಿದರೆ ಆಗಲೇ ತೊಳೆ, ಉರಿಗೆ ಕಾಯಬೇಡ’ ಎಂಬ ಸಾಲು ಆ ಪುಟದಲ್ಲಿ ಇರಲೇಬೇಕು.

ಕಲಸುವ ಹಂತದಲ್ಲೇ ಹೆಚ್ಚು ಎಚ್ಚರ ಬೇಕು. ಶೇ. 10ರ ದ್ರಾವಣಕ್ಕೆ 90 ಲೀಟರ್ ನೀರಿಗೆ 10 ಕೆಜಿ ಚಕ್ಕೆ. ಕರಗುವಾಗ ಹೊರಡುವ ಶಾಖದಿಂದ ಇಡೀ ಡ್ರಮ್ಮಿನ ನೀರು 25 ಡಿಗ್ರಿಗೂ ಹೆಚ್ಚು ಬಿಸಿಯಾಗುತ್ತದೆ. ಚಕ್ಕೆಯನ್ನು ಒಮ್ಮೆಲೇ ಸುರಿದರೆ ಅದು ತಳದಲ್ಲಿ ಗುಡ್ಡೆಯಾಗಿ, ಅಲ್ಲಿನ ನೀರು ಕುದಿದು ಮುಖಕ್ಕೆ ಸಿಡಿಯಬಹುದು. ಹಾಗಾಗಿ ತಣ್ಣೀರು ಮೊದಲು, ಚಕ್ಕೆ ಆಮೇಲೆ, ಸ್ವಲ್ಪ ಸ್ವಲ್ಪವೇ, ಕಲಕುತ್ತಾ. ಚಕ್ಕೆಯ ಮೇಲೆ ನೀರು ಸುರಿಯಕೂಡದು.

ಹತ್ತನೆಯ ಭಾಗದಲ್ಲಿ ಅಲ್ಯೂಮಿನಿಯಂ, ಸತುವಿನಂಥ ಲೋಹಗಳ ಹೆಸರಿರುತ್ತದೆ. ಇವು ಕಾಸ್ಟಿಕ್ ದ್ರಾವಣಕ್ಕೆ ತಾಗಿದರೆ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಹುಟ್ಟುತ್ತದೆ. ಪುಟದಲ್ಲಿ ಲೋಹದ ಹೆಸರಿಗಿಂತ ಪಾತ್ರೆಯ ಹೆಸರು ಬೇಕು: ಅಲ್ಯೂಮಿನಿಯಂ ಮಗ್ಗು ಬೇಡ, ಸತುವಿನ ಲೇಪದ ತಗಡಿನ ಬಕೆಟ್ ಬೇಡ, ಪ್ಲಾಸ್ಟಿಕ್ ಡ್ರಮ್ಮು ಮತ್ತು ಪ್ಲಾಸ್ಟಿಕ್ ಮಗ್ಗು ಮಾತ್ರ. ಎಂಟನೆಯ ಭಾಗದ ‘ಸೂಕ್ತ ಕೈಗವಸು’ ಎಂಬುದೂ ಹಾಗೆಯೇ. ನೈಟ್ರೈಲ್ ಅಥವಾ ನಿಯೋಪ್ರೀನ್ ಎಂದು ಬರೆದು, ಅದು ಯಾವ ಕಪಾಟಿನಲ್ಲಿದೆ ಎಂಬುದನ್ನೂ ಬರೆಯಬೇಕು. ಹತ್ತಿಯ ಗ್ಲೌಸ್ ದ್ರಾವಣವನ್ನು ಹೀರಿ ಚರ್ಮಕ್ಕೇ ಒತ್ತಿಹಿಡಿಯುತ್ತದೆ. ಬರೀ ಕನ್ನಡಕ ಸಾಲದು, ಸುತ್ತಲೂ ಮುಚ್ಚುವ ಗಾಗಲ್ಸ್ ಬೇಕು.

ತುರ್ತಿನ ಭಾಗದಲ್ಲಿ ಚಿಕ್ಕದು ಮಾಡುವ ಆತುರವೇ ಕೆಡುಕು. ಚೀಲದ ಲೇಬಲ್ಲಿನಲ್ಲಿ ಕಣ್ಣನ್ನು ‘ಹಲವು ನಿಮಿಷ’ ತೊಳೆಯಿರಿ ಎಂದಿದ್ದರೆ, ಪತ್ರದ ನಾಲ್ಕನೆಯ ಭಾಗದಲ್ಲಿ ಸಾಮಾನ್ಯವಾಗಿ ‘ಕನಿಷ್ಠ 15 ನಿಮಿಷ’ ಎಂದಿರುತ್ತದೆ. ದೊಡ್ಡ ಸಂಖ್ಯೆಯನ್ನೇ ಬರೆಯಬೇಕು. ಕ್ಷಾರಕ್ಕೆ ಅದೂ ಕಡಿಮೆಯೆನಿಸಬಹುದು. ಆದ್ದರಿಂದ ರೆಪ್ಪೆ ಬಿಡಿಸಿ ಹಿಡಿದು ತೊಳೆಯುತ್ತಲೇ ಇರಬೇಕು, ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಮೈಮೇಲೆ ಒಣ ಚಕ್ಕೆ ಬಿದ್ದಿದ್ದರೆ ಮೊದಲು ಕೊಡವಿ, ಬಟ್ಟೆ ಕಳಚಿ, ಆಮೇಲೆ ಧಾರಾಳ ನೀರು. ನುಂಗಿದ್ದರೆ ವಾಂತಿ ಮಾಡಿಸಕೂಡದು, ಒಳಹೋಗುವಾಗ ಸುಟ್ಟದ್ದು ಹೊರಬರುವಾಗ ಇನ್ನೊಮ್ಮೆ ಸುಡುತ್ತದೆ. ಗಾಯಕ್ಕೆ ನಿಂಬೆರಸ, ವಿನೆಗರ್ ಹಾಕುವುದೂ ಬೇಡ. ಇಂಥ ‘ಬೇಡ’ಗಳೇ ಸಂಕ್ಷೇಪದಲ್ಲಿ ಮೊದಲು ಬಿಟ್ಟುಹೋಗುತ್ತವೆ.

ಪುಟ ಸರಿಯಾಗಿದೆಯೇ ಎಂದು ತಿಳಿಯಲು ಸೂಪರ್‌ವೈಸರ್ ಹೊಸಬರನ್ನು ‘ಅರ್ಥವಾಯಿತಾ’ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ‘ಕಣ್ಣಿಗೆ ಬಿತ್ತು ಅಂದ್ಕೋ, ಈಗ ಎಲ್ಲಿಗೆ ಹೋಗ್ತೀಯಾ, ತೋರಿಸು’ ಎನ್ನಬೇಕು. ಹುಡುಗ ನಲ್ಲಿ ಹುಡುಕುತ್ತಾ ನಿಂತರೆ ಪುಟದಲ್ಲಿ ಜಾಗದ ಹೆಸರಿಲ್ಲ ಎಂದರ್ಥ. ನಲ್ಲಿಗೆ ಅಡ್ಡವಾಗಿ ಚೀಲ ಪೇರಿಸಿರುವುದೂ ಆಗಲೇ ಕಾಣುತ್ತದೆ.

ಪೂರೈಕೆದಾರ ಚಕ್ಕೆಯ ಬದಲು ಲೈ ಕಳಿಸಿದ ದಿನ ಈ ಪುಟ ತೆಗೆಯಬೇಕು. ಲೈ ಎಂದರೆ ಸುಮಾರು ಅರ್ಧದಷ್ಟು ಕಾಸ್ಟಿಕ್ ಇರುವ ದ್ರಾವಣ. ಚೆಲ್ಲಿದ ಚಕ್ಕೆಯನ್ನು ಒಣಗಿದ್ದಾಗಲೇ ಪ್ಲಾಸ್ಟಿಕ್ ಮೊರದಲ್ಲಿ ಎತ್ತಬಹುದು. ಲೈ ಚೆಲ್ಲಿದರೆ ಮರಳಿನ ಒಡ್ಡು ಕಟ್ಟಿ ಚರಂಡಿಗೆ ಹೋಗದಂತೆ ತಡೆಯಬೇಕು. ಅದರ ಪತ್ರವೇ ಬೇರೆ, ಪುಟವೂ ಬೇರೆಯೇ ಬರೆಯಬೇಕು.