ಜೂಮ್ ಮಾಡಿದರೆ ನಂಬರ್ ಪ್ಲೇಟ್ ಕಾಣುತ್ತದೆಯೇ?

1982ರಲ್ಲಿ ಬಂದ ‘ಬ್ಲೇಡ್ ರನ್ನರ್’ ಎಂಬ ಹಾಲಿವುಡ್ ಚಿತ್ರದಲ್ಲಿ ನಾಯಕ ಒಂದು ಫೋಟೊವನ್ನು ಯಂತ್ರಕ್ಕೆ ಹಾಕಿ ಹಿಗ್ಗಿಸುತ್ತಾ ಹೋಗುತ್ತಾನೆ. ಮೊದಲು ಕಣ್ಣಿಗೇ ಬೀಳದಿದ್ದ ಹೆಂಗಸೊಬ್ಬಳು ಕೊನೆಗೆ ಸ್ಪಷ್ಟವಾಗಿ ಕಾಣಿಸುತ್ತಾಳೆ. ಪತ್ತೇದಾರಿ ಸಿನಿಮಾಗಳಲ್ಲಿ ಸಿಸಿಟಿವಿಯ ಮಸುಕು ಚಿತ್ರ ಹೀಗೆಯೇ ತಿಳಿಯಾಗಿ, ಕಳ್ಳನ ಕಾರಿನ ನಂಬರ್ ಸಿಕ್ಕಿಬಿಡುತ್ತದೆ. ನಿಜವಾಗಿ ಹಾಗಾಗುವುದಿಲ್ಲ. ಏಕೆಂದು ಲೆಕ್ಕ ಹಾಕಿಯೇ ನೋಡೋಣ.

ಸಾಮಾನ್ಯ ಎಚ್‌ಡಿ ಕ್ಯಾಮೆರಾದ ಚಿತ್ರದಲ್ಲಿ ಅಡ್ಡಲಾಗಿ 1920 ಚುಕ್ಕೆಗಳಿರುತ್ತವೆ. ಇವೇ ಪಿಕ್ಸೆಲ್‌ಗಳು. ಕಾರು ನಿಂತ ಜಾಗದಲ್ಲಿ 40 ಮೀಟರ್ ಅಗಲದ ನೋಟ ಆ ಚಿತ್ರದಲ್ಲಿ ಹಿಡಿಸಿದೆ ಎಂದುಕೊಳ್ಳಿ. ಆಗ ಒಂದು ಪಿಕ್ಸೆಲ್‌ನ ಪಾಲಿಗೆ ಸುಮಾರು 2 ಸೆಂಟಿಮೀಟರ್ ಬರುತ್ತದೆ. ಅರ್ಧ ಮೀಟರ್ ಅಗಲದ ನಂಬರ್ ಪ್ಲೇಟ್‌ಗೆ ಸಿಗುವುದು ಬರೀ 24 ಪಿಕ್ಸೆಲ್. ಅದರಲ್ಲಿ ಹತ್ತು ಅಕ್ಷರ, ಅಂಕಿಗಳು ಹಿಡಿಸಬೇಕು. ಒಂದೊಂದಕ್ಕೆ ಎರಡೂವರೆ ಪಿಕ್ಸೆಲ್‌ನಷ್ಟೂ ಜಾಗ ಸಿಗುವುದಿಲ್ಲ.

ಒಂದು ಪಿಕ್ಸೆಲ್ ಒಂದೇ ಬಣ್ಣವನ್ನು ದಾಖಲಿಸಬಲ್ಲದು. ಅಕ್ಷರದ ಗೆರೆಯ ದಪ್ಪ ಸುಮಾರು 1 ಸೆಂಟಿಮೀಟರ್. ಹಾಗಾಗಿ ಕಪ್ಪು ಗೆರೆಯೂ ಪಕ್ಕದ ಬಿಳಿ ಜಾಗವೂ ಸೇರಿ, ಸರಾಸರಿಯಾಗಿ ಒಂದು ಬೂದು ಚುಕ್ಕೆ ಆಗುತ್ತದೆ. ಇಬ್ಬರು ವಿದ್ಯಾರ್ಥಿಗಳ ಸರಾಸರಿ ಅಂಕ 50 ಎಂದರೆ, ಅವರು 30 ಮತ್ತು 70 ತೆಗೆದರೋ, 45 ಮತ್ತು 55 ತೆಗೆದರೋ ಹೇಳಲಾಗುವುದಿಲ್ಲ. ಇಲ್ಲಿಯೂ ಅಷ್ಟೇ. 8 ಇದ್ದರೂ, ಇಂಗ್ಲಿಷಿನ ‘ಬಿ’ ಇದ್ದರೂ ಬೂದು ಚುಕ್ಕೆಗಳು ಹೆಚ್ಚುಕಡಿಮೆ ಒಂದೇ ತರಹ ಬರುತ್ತವೆ. ಜೂಮ್ ಮಾಡಿದಾಗ ಕಂಪ್ಯೂಟರ್ ಎರಡು ಚುಕ್ಕೆಗಳ ನಡುವೆ ಅವುಗಳ ನಡುವಿನ ಬಣ್ಣ ತುಂಬುತ್ತದೆ, ಅಷ್ಟೇ. ಮಸುಕು ದೊಡ್ಡದಾಗುತ್ತದೆ.

ಹಾಗಾದರೆ ಚಿತ್ರ ಸುಧಾರಿಸುವ ತಂತ್ರವೆಲ್ಲ ಸುಳ್ಳೇ? ಅಲ್ಲ. ಕತ್ತಲೆಯ ಚಿತ್ರದಲ್ಲಿ ಅಡಗಿರುವ ಸಣ್ಣ ಬೆಳಕಿನ ವ್ಯತ್ಯಾಸವನ್ನು ಹಿಗ್ಗಿಸಿ ಕಣ್ಣಿಗೆ ಕಾಣುವಂತೆ ಮಾಡಬಹುದು. ನಿಂತ ಕಾರಿನ 16 ಫ್ರೇಮ್‌ಗಳನ್ನು ಒಂದರ ಮೇಲೊಂದಿಟ್ಟು ಸರಾಸರಿ ತೆಗೆದರೆ, ಅಡ್ಡಾದಿಡ್ಡಿ ಚುಕ್ಕೆಗಳ ಗದ್ದಲ ಕಾಲು ಭಾಗಕ್ಕೆ ಇಳಿಯುತ್ತದೆ. ಫ್ರೇಮಿನಿಂದ ಫ್ರೇಮಿಗೆ ಕಾರು ತುಸು ಸರಿದಿದ್ದರೆ ಪ್ರತಿಯೊಂದೂ ಗೆರೆಗಳನ್ನು ಬೇರೆ ಬೇರೆ ಜಾಗದಲ್ಲಿ ಹಿಡಿದಿರುತ್ತದೆ. ಅವನ್ನು ಹೊಂದಿಸಿದರೆ ಸ್ವಲ್ಪ ಹೆಚ್ಚಿನ ವಿವರ ನಿಜವಾಗಿಯೂ ಸಿಗುತ್ತದೆ. ಈ ಎಲ್ಲ ಉಪಾಯಗಳೂ ಕ್ಯಾಮೆರಾ ಹಿಡಿದದ್ದನ್ನೇ ತೋರಿಸುತ್ತವೆ.

ಕೃತಕ ಬುದ್ಧಿಮತ್ತೆಯ ದಾರಿ ಬೇರೆ. ತಾನು ಕಲಿತ ಸಾವಿರಾರು ಮುಖಗಳ ಆಧಾರದ ಮೇಲೆ ಅದು ಇಲ್ಲದ ವಿವರವನ್ನು ಊಹಿಸಿ ಬರೆಯುತ್ತದೆ. 2020ರಲ್ಲಿ ‘ಪಲ್ಸ್’ ಎಂಬ ಇಂಥ ಒಂದು ಪ್ರೋಗ್ರಾಂಗೆ ಬರಾಕ್ ಒಬಾಮಾ ಅವರ ಮಸುಕು ಚಿತ್ರ ಕೊಟ್ಟಾಗ, ಅದು ಬಿಳಿಯ ಗಂಡಸೊಬ್ಬನ ಮುಖವನ್ನು ರಚಿಸಿತು. ಆ ಮುಖವನ್ನು ಮತ್ತೆ ಕುಗ್ಗಿಸಿದರೆ ಹೆಚ್ಚುಕಡಿಮೆ ಅದೇ ಮಸುಕು ಚಿತ್ರ ಬರುತ್ತಿತ್ತು. ಅಂದರೆ ಪ್ರೋಗ್ರಾಂ ಲೆಕ್ಕ ತಪ್ಪಲಿಲ್ಲ, ಮನುಷ್ಯನನ್ನೇ ಬದಲಿಸಿತು. ಇಂಥ ಚಿತ್ರವನ್ನು ಸಾಕ್ಷಿಯಾಗಿ ನಂಬಿದರೆ ಸಂಬಂಧವೇ ಇಲ್ಲದವನು ಸಿಕ್ಕಿಬೀಳಬಹುದು.

ಇದನ್ನು ನೀವೇ ಪರೀಕ್ಷಿಸಬಹುದು. ತರಗತಿಯ ಹಿಂದಿನ ಗೋಡೆಯ ಬಳಿ ನಿಂತು ಕಪ್ಪು ಹಲಗೆಗೆ ಅಂಟಿಸಿದ ಪುಸ್ತಕದ ಪುಟದ ಫೋಟೊ ತೆಗೆಯಿರಿ, ಆಮೇಲೆ ಹತ್ತಿರ ಹೋಗಿ ಇನ್ನೊಂದು ತೆಗೆಯಿರಿ. ಮೊದಲನೆಯದನ್ನು ಎಷ್ಟು ಹಿಗ್ಗಿಸಿದರೆ ಎರಡನೆಯದರಷ್ಟು ಓದಲು ಬರುತ್ತದೆ, ನೋಡಿ.